ಹುಳುಕಡ್ಡಿಯೋ, ಇಸುಬೋ? ಟ್ಯೂಬ್ ಹಚ್ಚುವ ಮೊದಲು ಅಂಚು ನೋಡಿ

ಈ ವಾರ ಬೆಳೆಯ ರೋಗ ಬಿಟ್ಟು ನಮ್ಮ ಮೈಮೇಲಿನ ರೋಗದ ಬಗ್ಗೆ ಬರೀತೀನಿ. ನಮ್ಮ ಮರಳಿ ಭಾಗದಲ್ಲಿ ಕಾಲುವೆಗೆ ನೀರು ಬಿಟ್ಟು ಭತ್ತದ ನಾಟಿ ಶುರುವಾದರೆ ಸಾಕು, ಪ್ರತಿ ಮನೆಯಲ್ಲೂ ಒಬ್ಬರಾದರೂ ಸೊಂಟ, ತೊಡೆ ಕೆರೆದುಕೊಳ್ಳುತ್ತಾ ಕೂತಿರುತ್ತಾರೆ. ಇಡೀ ದಿನ ಒದ್ದೆ ಬಟ್ಟೆ, ಕೆಸರು, ಮೇಲೆ ಬೆವರು. ಯಾರನ್ನು ಕೇಳಿದರೂ "ಹುಳುಕಡ್ಡಿ ಆಗೇತ್ರಿ" ಅಂತಾರೆ. ಎಷ್ಟೋ ಸಲ ಅದು ಹುಳುಕಡ್ಡಿಯೇ ಇರುತ್ತದೆ. ಆದರೆ ಕೆಲವೊಮ್ಮೆ ಇಸುಬು, ಅಂದರೆ ಎಕ್ಸಿಮಾ ಇರುತ್ತದೆ. ಎರಡೂ ದುಂಡಗೆ ಕಾಣುತ್ತವೆ, ಎರಡರಲ್ಲೂ ಹೊಟ್ಟು ಏಳುತ್ತದೆ, ಎರಡೂ ಕಡಿಯುತ್ತವೆ. ಆದರೆ ಒಂದಕ್ಕೆ ಹಚ್ಚುವ ಔಷಧ ಇನ್ನೊಂದನ್ನು ಹೆಚ್ಚು ಮಾಡಬಹುದು. ನಮ್ಮ ಮನೆಯಲ್ಲಿ ಇದೇ ಆಯಿತು, ಅದಕ್ಕೇ ಬರೆಯುತ್ತಿದ್ದೇನೆ.

ಒಂದೇ ಮನೆ, ಎರಡು ಟ್ಯೂಬು

ಆಗಸ್ಟ್ ತಿಂಗಳ ನಾಟಿ ಮುಗಿಯುವ ಹೊತ್ತಿಗೆ ನನ್ನ ಸೊಂಟದ ಬಲಬದಿಗೆ, ಉಡದಾರ ಕೂಡುವ ಜಾಗದಲ್ಲಿ, ಒಂದು ರೂಪಾಯಿ ನಾಣ್ಯದಷ್ಟು ಮಚ್ಚೆ ಎದ್ದಿತು. ರಾತ್ರಿ ಮಲಗಿದರೆ ಕಡಿತ. ಅವ್ವಗೆ ತೋರಿಸಿದೆ. ಅವ್ವನ ಕಣಕಾಲ ಮೇಲೆ ಪ್ರತಿ ಚಳಿಗಾಲ ದುಂಡು ಮಚ್ಚೆಗಳು ಏಳುತ್ತಿದ್ದವು. ಅದಕ್ಕೆ ಎರಡು ವರ್ಷದ ಹಿಂದೆ ಡಾಕ್ಟರು ಬರೆದುಕೊಟ್ಟ ಟ್ಯೂಬು ಗೂಡಿನಲ್ಲಿ ಇನ್ನೂ ಅರ್ಧ ಉಳಿದಿತ್ತು.

"ತಗೋ, ಇದನ್ನ ಹಚ್ಚಗೋ. ನನಗ ಮೂರ ದಿನದಾಗ ಕಡಿತ ನಿಂತಿತ್ತು," ಅಂದಳು ಅವ್ವ.

ನನಗೂ ಮೂರೇ ದಿನದಲ್ಲಿ ಕಡಿತ ನಿಂತಿತು. ಕೆಂಪು ಇಳಿಯಿತು, ಹೊಟ್ಟು ಹೋಯಿತು. ಹತ್ತು ದಿನ ಹಚ್ಚಿ ಬಿಟ್ಟೆ. ಬಿಟ್ಟ ಒಂದು ವಾರಕ್ಕೆ ಅದೇ ಜಾಗದಲ್ಲಿ ಅಂಗೈಯಷ್ಟು ಅಗಲವಾಗಿ ಮತ್ತೆ ಎದ್ದಿತು. ಮತ್ತೆ ಹಚ್ಚಿದೆ, ಮತ್ತೆ ಇಳಿಯಿತು. ಹೀಗೆ ಮೂರು ಸಲ. ದಸರಾ ಹೊತ್ತಿಗೆ ಅದು ತೊಡೆಸಂದಿಗೆ ಇಳಿದಿತ್ತು, ನನ್ನ ಟವೆಲ್ ಬಳಸುತ್ತಿದ್ದ ತಮ್ಮನ ತೊಡೆಗೂ ಹತ್ತಿತ್ತು. ಆಗ ಮಾವನ ಮಗ ಒಬ್ಬ "ಇದು ಹುಳುಕಡ್ಡಿ ಲೇ" ಅಂತ ಬರೀ ಶಿಲೀಂಧ್ರದ ಔಷಧ ಇರುವ ಬೇರೆ ಟ್ಯೂಬು ಕೊಟ್ಟ.

ಅಷ್ಟರಲ್ಲಿ ಚಳಿ ಬಿದ್ದು ಅವ್ವನ ಕಾಲಿನ ಮಚ್ಚೆಗಳೂ ಎದ್ದವು. ಅವಳ ಟ್ಯೂಬು ನಾನು ಖಾಲಿ ಮಾಡಿದ್ದೆ. "ಹಂಗಾದ್ರ ನಂದೂ ಹುಳುಕಡ್ಡಿನೇ ಇರಬೇಕು" ಅಂತ ಅವಳು ನನ್ನ ಹೊಸ ಟ್ಯೂಬನ್ನು ತಗೊಂಡು ಆರು ವಾರ ಹಚ್ಚಿದಳು. ಮಚ್ಚೆ ಕಡಿಮೆಯಾಗಲಿಲ್ಲ. ಕೆರೆದು ಕೆರೆದು ನೀರು ಒಸರಿ, ಹಳದಿ ಹಕ್ಕಳೆ ಕಟ್ಟಿತು.

ಕೊನೆಗೆ ಇಬ್ಬರೂ ಒಂದೇ ದಿನ ಚರ್ಮದ ಡಾಕ್ಟರ ಹತ್ತಿರ ಹೋದೆವು. ಅವರು ಇಬ್ಬರನ್ನೂ ಬೆಳಕಿಗೆ ಕೂರಿಸಿ ನೋಡಿ ಹೇಳಿದ್ದಿಷ್ಟೇ: "ನೀವಿಬ್ಬರೂ ಟ್ಯೂಬು ಅದಲುಬದಲು ಮಾಡಿಕೊಂಡೀರಿ." ನನ್ನದು ಹುಳುಕಡ್ಡಿ, ಅವ್ವನದು ಇಸುಬು. ತೋಟಗಾರಿಕೆ ಓದಿದ ನಾನು ಎಲೆ ಮೇಲಿನ ಚುಕ್ಕೆ ನೋಡಿ ಶಿಲೀಂಧ್ರವೋ ದುಂಡಾಣುವೋ ಅಂತ ಹೇಳುತ್ತೇನೆ. ನನ್ನ ಮೈಮೇಲಿನ ಚುಕ್ಕೆಯನ್ನು ಮಾತ್ರ ಸರಿಯಾಗಿ ನೋಡಿಯೇ ಇರಲಿಲ್ಲ.

ಉಂಗುರ ಯಾಕೆ ಆಗುತ್ತದೆ?

ಹೆಸರು ಹುಳುಕಡ್ಡಿ ಆದರೂ ಅಲ್ಲಿ ಯಾವ ಹುಳವೂ ಇಲ್ಲ. ಅದು ಶಿಲೀಂಧ್ರ. ಗಜಕರ್ಣ ಅನ್ನುವುದೂ ಇದನ್ನೇ. ನಮ್ಮ ಚರ್ಮದ ಮೇಲ್ಪದರ, ಕೂದಲು, ಉಗುರು ಇವೆಲ್ಲ ಕೆರಾಟಿನ್ ಎಂಬ ವಸ್ತುವಿನಿಂದ ಆಗಿವೆ. ಈ ಶಿಲೀಂಧ್ರಕ್ಕೆ ಅದೇ ಆಹಾರ. ಒಂದು ಬಿಂದುವಿನಲ್ಲಿ ಬೇರೂರಿ ಸುತ್ತಲೂ ಹೊರಕ್ಕೆ ಹರಡುತ್ತದೆ. ದೇಹ ಅದರ ಹಿಂದೆಯೇ ಹೋರಾಡುತ್ತಾ ಬರುವುದರಿಂದ ಮೊದಲು ಹತ್ತಿದ ನಡುಭಾಗ ಸ್ವಲ್ಪ ತಿಳಿಯಾಗುತ್ತದೆ, ಹೊಸದಾಗಿ ಹತ್ತಿದ ಅಂಚು ಕೆರಳಿರುತ್ತದೆ. ಅದಕ್ಕೇ ಉಂಗುರ. ಟೊಮೆಟೊ ಎಲೆಯ ಮೇಲೆ ಅಲ್ಟರ್ನೇರಿಯಾ ಚುಕ್ಕೆ ಬಳೆ ಬಳೆಯಾಗಿ ಅಗಲ ಆಗುವುದನ್ನು ನೋಡಿದ್ದೀರಿ. ಅಲ್ಲೂ ಶಿಲೀಂಧ್ರ ಒಂದು ಬಿಂದುವಿನಿಂದ ಹೊರಕ್ಕೇ ನಡೆಯುತ್ತದೆ. ಹಾಗಾಗಿ ಹುಳುಕಡ್ಡಿಯಲ್ಲಿ ನೋಡಬೇಕಾದ್ದು ನಡುಭಾಗಕ್ಕಿಂತ ಹೆಚ್ಚಾಗಿ ಅಂಚು.

ಇಸುಬಿನಲ್ಲಿ ಹೀಗೆ ನಡೆಯುವ ಜೀವಿ ಯಾವುದೂ ಇಲ್ಲ. ಚರ್ಮ ಒಣಗಿ ಅದರ ತಡೆಗೋಡೆ ಸಡಿಲವಾಗಿರುತ್ತದೆ, ಇಲ್ಲವೇ ಯಾವುದೋ ವಸ್ತು ತಾಗಿ ಚರ್ಮ ಕೆರಳಿರುತ್ತದೆ. ಆ ತುಂಡು ಚರ್ಮ ಪೂರ್ತಿ ಒಂದೇ ಸಲ ಕೆರಳುವುದರಿಂದ ನಡುವೆಯೂ ಅಂಚಿನಲ್ಲೂ ಒಂದೇ ರೀತಿ ಕಾಣುತ್ತದೆ. ಕಾಲಿನ ಮೇಲೆ ನಾಣ್ಯದಂತೆ ಏಳುವ ಒಂದು ಜಾತಿಯ ಇಸುಬು ಇದೆ. ಅವ್ವನದು ಅದೇ. ಜನ ಹುಳುಕಡ್ಡಿ ಅಂತ ಮೋಸ ಹೋಗುವುದು ಹೆಚ್ಚಾಗಿ ಇದರಿಂದಲೇ. ಹುಳುಕಡ್ಡಿ ಬಳೆಯಿದ್ದಂತೆ, ಈ ಇಸುಬು ಬಿಲ್ಲೆಯಿದ್ದಂತೆ ಅಂತ ನೆನಪಿಟ್ಟುಕೊಳ್ಳಿ.

ಹೇಗೆ ನೋಡಬೇಕು

ಬೆಳಗಿನ ಬಿಸಿಲಿಗೆ ಕೂತು ನೋಡಿ. ಬೆಳಕು ಪಕ್ಕದಿಂದ ಬೀಳಬೇಕು, ಆಗ ಉಬ್ಬು ತಗ್ಗು ಕಾಣುತ್ತದೆ. ನೋಡುವ ಮೊದಲು ಎಣ್ಣೆ, ಮುಲಾಮು ಏನೂ ಹಚ್ಚಿರಬಾರದು, ಹಚ್ಚಿದರೆ ಹೊಟ್ಟು ಅಂಟಿ ಕಾಣಿಸುವುದಿಲ್ಲ.

ಇನ್ನೊಂದು ಮಾತು. ಮೊಬೈಲಿನಲ್ಲಿ ಹುಡುಕಿದರೆ ಬರುವ ಚಿತ್ರಗಳು ಹೆಚ್ಚಿನವು ಬಿಳಿ ಚರ್ಮದವು. ಅಲ್ಲಿ ಉಂಗುರ ಕಡುಕೆಂಪು. ಬಿಸಿಲಿಗೆ ಕಂದಿದ ನಮ್ಮ ಮೈಮೇಲೆ ಅದು ಕೆಂಪಾಗಿ ಕಾಣಬೇಕೆಂದೇನಿಲ್ಲ. ಕಂದು, ಕಪ್ಪು, ಕೆಲವೊಮ್ಮೆ ನೇರಳೆ ಛಾಯೆ ಇರುತ್ತದೆ. ಆದ್ದರಿಂದ ಬಣ್ಣವನ್ನು ನಂಬಬೇಡಿ. ಬೆರಳ ತುದಿಯನ್ನು ಆರೋಗ್ಯವಾದ ಚರ್ಮದಿಂದ ಮಚ್ಚೆಯ ಕಡೆಗೆ ನಿಧಾನ ಎಳೆಯಿರಿ, ಆಮೇಲೆ ಕೈ ತೊಳೆದುಕೊಳ್ಳಿ. ಹುಳುಕಡ್ಡಿ ಆಗಿದ್ದರೆ ಗದ್ದೆಯ ಬದು ಹತ್ತಿದಂತೆ ಅಂಚು ಬೆರಳಿಗೆ ತಾಗುತ್ತದೆ, ದಾಟಿದ ಮೇಲೆ ನಡುಭಾಗ ಸ್ವಲ್ಪ ನುಣುಪು. ಆ ಬದುವಿನ ಮೇಲೆ ಸಣ್ಣ ಸಣ್ಣ ಗುಳ್ಳೆ, ತೆಳು ಹೊಟ್ಟು ಇರುತ್ತದೆ. ಎಲ್ಲಿ ಮಚ್ಚೆ ಮುಗಿಯಿತು, ಎಲ್ಲಿ ಒಳ್ಳೆಯ ಚರ್ಮ ಶುರುವಾಯಿತು ಎಂದು ಗೆರೆ ಎಳೆದು ತೋರಿಸಬಹುದು.

ಇಸುಬಿನ ಬಿಲ್ಲೆಯಲ್ಲಿ ಬೆರಳಿಗೆ ಬದು ಸಿಗುವುದಿಲ್ಲ. ನಡುವೆಯೂ ಅಷ್ಟೇ ಒರಟು, ಅಂಚಿನಲ್ಲೂ ಅಷ್ಟೇ ಒರಟು. ಹೊಸದಾಗಿದ್ದರೆ ಸೂಜಿಮೊನೆಯಂಥ ನೀರುಗುಳ್ಳೆಗಳು ಒಡೆದು ಪೂರ್ತಿ ಬಿಲ್ಲೆ ಒದ್ದೆ ಇರುತ್ತದೆ, ಒಣಗಿದ ಮೇಲೆ ಹಕ್ಕಳೆ ಕಟ್ಟುತ್ತದೆ. ಬಹಳ ದಿನದ್ದಾದರೆ ಚರ್ಮ ದಪ್ಪವಾಗಿ, ಕಪ್ಪಾಗಿ, ಒಣಗಿದ ಕೆರೆಯಂಗಳದಂತೆ ಗೆರೆ ಗೆರೆ ಬಿದ್ದಿರುತ್ತದೆ.

ಆಮೇಲೆ ಎಲ್ಲಿದೆ, ಎಷ್ಟಿದೆ ನೋಡಿ. ಹುಳುಕಡ್ಡಿಗೆ ಬೆವರು ನಿಲ್ಲುವ ಜಾಗ ಇಷ್ಟ. ತೊಡೆಸಂದಿ, ಕುಂಡೆ, ಉಡದಾರದ ಸುತ್ತ, ಸೀರೆ ಲಂಗದ ಲಾಡಿ ಕಟ್ಟುವ ಸೊಂಟ, ಕಂಕುಳ, ಹೆಣ್ಣುಮಕ್ಕಳಿಗೆ ಎದೆಯ ಕೆಳಗಿನ ಮಡಿಕೆ. ಸಾಮಾನ್ಯವಾಗಿ ಒಂದು ಬದಿಗೆ ಶುರುವಾಗುತ್ತದೆ. ನಾಣ್ಯದಂಥ ಇಸುಬು ಕಣಕಾಲು, ಮುಂಗೈ, ಅಂಗೈಯ ಹಿಂಭಾಗದಲ್ಲಿ ಹೆಚ್ಚು, ಅದೂ ಎರಡೂ ಕಾಲಿಗೆ ಹತ್ತಾರು ಬಿಲ್ಲೆ. ಚಳಿಗಾಲದಲ್ಲಿ ಮೈ ಒಣಗಿದಾಗ ಏಳುತ್ತದೆ. ಮಕ್ಕಳ ಇಸುಬು ಮೊಣಕೈ ಮತ್ತು ಮೊಣಕಾಲ ಮಡಿಕೆಯಲ್ಲಿ ಸಾಮಾನ್ಯ.

ಮೂರನೆಯದು ನಡೆ. ಮಚ್ಚೆಯ ಪಕ್ಕ ಒಂದು ರೂಪಾಯಿ ನಾಣ್ಯ ಇಟ್ಟು ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಒಂದು ವಾರ ಬಿಟ್ಟು ಅದೇ ನಾಣ್ಯ ಇಟ್ಟು ಮತ್ತೊಂದು ತೆಗೆಯಿರಿ. ಏನೂ ಹಚ್ಚದಿದ್ದಾಗ ಹುಳುಕಡ್ಡಿಯ ಉಂಗುರ ಅಗಲವಾಗುತ್ತಾ ಹೋಗುತ್ತದೆ. ಇಸುಬಿನ ಬಿಲ್ಲೆ ಹೆಚ್ಚಾಗಿ ಅಷ್ಟೇ ಅಳತೆಯಲ್ಲಿ ನಿಂತು, ಒಮ್ಮೆ ಕೆರಳಿ ಒಮ್ಮೆ ತಣ್ಣಗಾಗುತ್ತದೆ. ಈ ಫೋಟೋ ಡಾಕ್ಟರಿಗೂ ಉಪಯೋಗಕ್ಕೆ ಬರುತ್ತದೆ.

ನಾಲ್ಕನೆಯದು ಮನೆಯವರು. ಇಸುಬು ಒಬ್ಬರಿಂದ ಒಬ್ಬರಿಗೆ ಹತ್ತುವುದಿಲ್ಲ. ಅವ್ವನಿಗೆ ಇಷ್ಟು ವರ್ಷ ಇದ್ದರೂ ಮನೆಯಲ್ಲಿ ಯಾರಿಗೂ ಬರಲಿಲ್ಲ. ನನ್ನದು ಎರಡೇ ತಿಂಗಳಲ್ಲಿ ತಮ್ಮನಿಗೆ ಹತ್ತಿತು. ಈ ಒಂದು ಮಾತನ್ನು ನಾವು ಮೊದಲೇ ಗಮನಿಸಿದ್ದರೆ ಅರ್ಧ ಉತ್ತರ ಸಿಗುತ್ತಿತ್ತು.

ದನಕರುಗಳನ್ನೂ ನೋಡಿ. ಕರುವಿನ ಕಣ್ಣಿನ ಸುತ್ತ, ಕಿವಿ, ಕುತ್ತಿಗೆ ಮೇಲೆ ಕೂದಲು ಉದುರಿ ಬೂದಿ ಬಣ್ಣದ ದಪ್ಪ ಹಕ್ಕಳೆ ಕಟ್ಟಿದ್ದರೆ ಅದೂ ಹುಳುಕಡ್ಡಿಯೇ. ಹಾಲು ಕರೆಯುವವರ, ಕರು ಅಪ್ಪಿಕೊಳ್ಳುವ ಮಕ್ಕಳ ಮುಂಗೈಗೆ, ಕುತ್ತಿಗೆಗೆ ಅದು ಹತ್ತುತ್ತದೆ. ದನದಿಂದ ಬಂದದ್ದು ಮನುಷ್ಯರಲ್ಲಿ ಬಹಳ ಊದಿಕೊಂಡು, ಕೆಲವೊಮ್ಮೆ ಕೀವೂ ಕಾಣಿಸುತ್ತದೆ. ಆಗ ಮನೆಯವರಿಗಷ್ಟೇ ಔಷಧ ಮಾಡಿ ಕರುವನ್ನು ಬಿಟ್ಟರೆ ಮತ್ತೆ ಬರುತ್ತದೆ. ಪಶುವೈದ್ಯರಿಗೆ ಕರುವನ್ನೂ ತೋರಿಸಿ.

ಹೊಲದಲ್ಲೇ ಹತ್ತುವ ಇಸುಬು

ನಾವು ರೈತರು ಮರೆಯಬಾರದ ಇನ್ನೊಂದು ಜಾತಿಯ ಇಸುಬು ಇದೆ. ಯಾವುದೋ ವಸ್ತು ತಾಗಿ ಬರುವಂಥದ್ದು. ಇದಕ್ಕೆ ದುಂಡು ಆಕಾರ ಇರುವುದಿಲ್ಲ, ತಾಗಿದ ವಸ್ತುವಿನ ಆಕಾರವೇ ಇದರ ಆಕಾರ. ರಬ್ಬರ್ ಚಪ್ಪಲಿಯಿಂದ ಆಗಿದ್ದರೆ ಪಾದದ ಮೇಲೆ ಚಪ್ಪಲಿ ಪಟ್ಟಿಯ ಗುರುತೇ ಬಿದ್ದಿರುತ್ತದೆ. ಗಮ್‌ಬೂಟಿನಿಂದ ಆಗಿದ್ದರೆ ಬೂಟಿನ ಬಾಯಿ ತಾಗುವಲ್ಲಿ ಗೆರೆ ಎಳೆದಂತೆ ನಿಂತುಬಿಡುತ್ತದೆ. ಸಿಮೆಂಟ್ ಕೆಲಸದವರಿಗೆ ಕೈಗೆ ಬರುತ್ತದೆ.

ನಮ್ಮಲ್ಲಿ ಎಲ್ಲಕ್ಕಿಂತ ಸಾಮಾನ್ಯ ಕಾರಣ ಕಾಂಗ್ರೆಸ್ ಕಸ, ಅಂದರೆ ಪಾರ್ಥೇನಿಯಂ. 1950ರ ದಶಕದಲ್ಲಿ ಪುಣೆಯಲ್ಲಿ ಮೊದಲು ಗಮನಕ್ಕೆ ಬಂದ ಈ ಗಿಡ ಈಗ ನಮ್ಮ ಪ್ರತಿ ಬದುವಿನ ಮೇಲಿದೆ. ಇದರ ಒಣ ಪುಡಿ ಗಾಳಿಯಲ್ಲಿ ಹಾರಿ ಮೈಗೆ ಕೂರುತ್ತದೆ. ಆದ್ದರಿಂದ ಬಟ್ಟೆ ಮುಚ್ಚದ ಜಾಗಗಳಲ್ಲಿ ತುರಿಕೆ. ಕಣ್ಣಿನ ರೆಪ್ಪೆ, ಕುತ್ತಿಗೆ, ಅಂಗಿಯ ಗುಂಡಿ ಬಿಚ್ಚಿದಾಗ ಕಾಣುವ ಎದೆಯ ಭಾಗ, ಮೊಣಕೈ ಮಡಿಕೆ. ಚರ್ಮ ಕಪ್ಪಾಗಿ ದಪ್ಪವಾಗುತ್ತದೆ. ಕಸ ಕಿತ್ತ ಮರುದಿನ, ಮೂರನೇ ದಿನಕ್ಕೆ ಜಾಸ್ತಿ, ಊರು ಬಿಟ್ಟು ಹೋದರೆ ಕಡಿಮೆ. ಹುಳುಕಡ್ಡಿ ಬಟ್ಟೆಯ ಒಳಗೆ, ಕಾಂಗ್ರೆಸ್ ಕಸದ ಇಸುಬು ಬಟ್ಟೆಯ ಹೊರಗೆ. ಇದು ಬಂದವರು ಆ ಗಿಡ ಮುಟ್ಟಲೇಬಾರದು. ಕೀಳುವ ಕೆಲಸ ಬೇರೆಯವರು ಹೂ ಬಿಡುವ ಮೊದಲು, ತುಂಬುತೋಳಿನ ಅಂಗಿ ಮತ್ತು ಕೈಗವಸು ಹಾಕಿ ಮಾಡಬೇಕು.

ಕಡಿತ ನಿಂತಿತು, ರೋಗ ನಿಲ್ಲಲಿಲ್ಲ

ಈಗ ನನ್ನ ತಪ್ಪಿಗೆ ಬರೋಣ. ಅವ್ವನ ಟ್ಯೂಬಿನಲ್ಲಿ ಇದ್ದದ್ದು ಸ್ಟಿರಾಯ್ಡ್. ಇಸುಬಿಗೆ ಅದು ಸರಿಯಾದ ಔಷಧ. ಚರ್ಮ ಸುಮ್ಮನೆ ಕೆರಳಿದ್ದನ್ನು ಅದು ತಣಿಸುತ್ತದೆ. ಹುಳುಕಡ್ಡಿಯಲ್ಲಿ ಆ ಕೆರಳುವಿಕೆ ಅಂದರೆ ಶಿಲೀಂಧ್ರದ ಜೊತೆ ದೇಹ ಮಾಡುವ ಜಗಳ. ಸ್ಟಿರಾಯ್ಡ್ ಹಚ್ಚಿದರೆ ಕಾವಲುಗಾರ ಮಲಗುತ್ತಾನೆ, ಕಳ್ಳ ಒಳಗೇ ಇರುತ್ತಾನೆ. ಕಡಿತ ನಿಲ್ಲುತ್ತದೆ, ಉಬ್ಬಿದ ಅಂಚು ಚಪ್ಪಟೆಯಾಗುತ್ತದೆ, ಹೊಟ್ಟು ಮಾಯವಾಗುತ್ತದೆ. ಶಿಲೀಂಧ್ರ ಮಾತ್ರ ಯಾರ ತಡೆಯೂ ಇಲ್ಲದೆ ಹರಡುತ್ತದೆ. ಬಿಟ್ಟ ಕೂಡಲೇ ಮೊದಲಿಗಿಂತ ಅಗಲವಾಗಿ ಏಳುತ್ತದೆ.

ಹೀಗೆ ಕೆಟ್ಟ ಹುಳುಕಡ್ಡಿ ನೋಡಲು ಹುಳುಕಡ್ಡಿಯಂತೆ ಇರುವುದೇ ಇಲ್ಲ. ಉಂಗುರ ಅಲ್ಲಲ್ಲಿ ತುಂಡಾಗಿರುತ್ತದೆ, ಇಲ್ಲವೇ ಉಂಗುರದೊಳಗೆ ಇನ್ನೊಂದು ಉಂಗುರ ಕಾಣುತ್ತದೆ. ಅಂಚು ಮಸುಕಾಗಿ ಇಸುಬಿನಂತೆಯೇ ಕಾಣುವುದರಿಂದ ನುರಿತವರೂ ಮೋಸಹೋಗುತ್ತಾರೆ. ನಾನು ಮೇಲೆ ಹೇಳಿದ ಅಂಚಿನ ಪರೀಕ್ಷೆ ಏನೂ ಹಚ್ಚದ ಮಚ್ಚೆಗೆ ಮಾತ್ರ ಸರಿ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ, ತೊಡೆಸಂದಿಯಲ್ಲಿ ಬಸುರಿನ ಗೆರೆಗಳಂಥ ಗೆರೆ ಬೀಳುತ್ತವೆ. ಆ ಗೆರೆ ಪೂರ್ತಿ ಅಳಿಸುವುದಿಲ್ಲ.

ಇದು ನನ್ನೊಬ್ಬನ ಕತೆ ಅಲ್ಲ. ಅಂಗಡಿಯಲ್ಲಿ ಸಿಗುವ ಎಷ್ಟೋ "ಹುಳುಕಡ್ಡಿ ಕ್ರೀಮು"ಗಳಲ್ಲಿ ಸ್ಟಿರಾಯ್ಡ್, ಶಿಲೀಂಧ್ರನಾಶಕ, ದುಂಡಾಣು ಔಷಧ ಮೂರೂ ಬೆರೆತಿರುತ್ತವೆ. 2018ರಲ್ಲಿ ಕೇಂದ್ರ ಸರ್ಕಾರ 14 ಬಗೆಯ ಸ್ಟಿರಾಯ್ಡ್ ಮುಲಾಮುಗಳನ್ನು ಡಾಕ್ಟರ ಚೀಟಿ ಇಲ್ಲದೆ ಮಾರುವಂತಿಲ್ಲ ಎಂದು ಆದೇಶ ಹೊರಡಿಸಿತು. ಆದರೂ ಕೈಯಿಂದ ಕೈಗೆ, ಗೂಡಿನಿಂದ ಗೂಡಿಗೆ ಟ್ಯೂಬು ಓಡಾಡುತ್ತಲೇ ಇರುತ್ತದೆ.

ಟ್ಯೂಬಿನ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದ ಔಷಧದ ಹೆಸರು ಓದಿ. ಕ್ಲೋಬೆಟಾಸೋಲ್, ಬೆಟಾಮೆಥಾಸೋನ್, ಬೆಕ್ಲೋಮೆಥಾಸೋನ್, ಮೊಮೆಟಾಸೋನ್ ಇವೆಲ್ಲ ಸ್ಟಿರಾಯ್ಡ್. ಕ್ಲೋಟ್ರಿಮಜೋಲ್, ಕೀಟೋಕೊನಜೋಲ್, ಲುಲಿಕೊನಜೋಲ್ ಇವು ಶಿಲೀಂಧ್ರದ ಔಷಧ. ಕೊನೆಗೆ "ಸೋಲ್", "ಸೋನ್" ಇದ್ದರೆ ಎಚ್ಚರ. "ಜೋಲ್" ಒಂದು ಹೆಸರು ಕಂಡಿತೆಂದು ನಿಶ್ಚಿಂತರಾಗಬೇಡಿ, ಅದರ ಪಕ್ಕದಲ್ಲೇ "ಸೋಲ್" ಕೂಡ ಇರಬಹುದು. ಪೂರ್ತಿ ಸಾಲು ಓದಿ.

ಹಾಗೆಂದು ಶಿಲೀಂಧ್ರದ ಔಷಧವಾದರೂ ಮೊದಲಿನಷ್ಟು ಬೇಗ ಕೇಳುತ್ತಿಲ್ಲ. ಈಗ ಭಾರತದಲ್ಲಿ ಹರಡಿರುವ ಹುಳುಕಡ್ಡಿಯ ಶಿಲೀಂಧ್ರಕ್ಕೆ 2020ರಲ್ಲಿ ಟ್ರೈಕೋಫೈಟಾನ್ ಇಂಡೋಟಿನಿಯೇ ಎಂಬ ಪ್ರತ್ಯೇಕ ಹೆಸರೇ ಬಂತು. ಹಿಂದೆ ಕೆಲವೇ ವಾರದಲ್ಲಿ ವಾಸಿ ಮಾಡುತ್ತಿದ್ದ ಟರ್ಬಿನಾಫಿನ್ ಎಂಬ ಔಷಧಕ್ಕೆ ಇದು ಎಷ್ಟೋ ಜನರಲ್ಲಿ ಬಗ್ಗುವುದಿಲ್ಲ. ಒಂದೇ ಶಿಲೀಂಧ್ರನಾಶಕವನ್ನು ಅರೆಬರೆ ಪ್ರಮಾಣದಲ್ಲಿ ಮತ್ತೆ ಮತ್ತೆ ಹೊಡೆದರೆ ಹೊಲದಲ್ಲಿ ಏನಾಗುತ್ತದೆ ಅಂತ ನಿಮಗೆ ಗೊತ್ತೇ ಇದೆ. ಮೈಮೇಲೆಯೂ ಹಾಗೇ. ಅದಕ್ಕೇ ಕಡಿತ ನಿಂತ ಕೂಡಲೇ ಔಷಧ ಬಿಡುವುದು ಎಲ್ಲಕ್ಕಿಂತ ದೊಡ್ಡ ತಪ್ಪು.

ಆಸ್ಪತ್ರೆಯಲ್ಲಿ ಏನು ಮಾಡಿದರು

ಡಾಕ್ಟರು ಮೊದಲು ನನ್ನ ಸ್ಟಿರಾಯ್ಡ್ ಟ್ಯೂಬು ನಿಲ್ಲಿಸಿದರು. "ಹತ್ತು ದಿನ ಬಿಟ್ಟು ಬರ್ರಿ, ಕಡಿತ ಜಾಸ್ತಿ ಆಗ್ತದ, ಹೆದರಬ್ಯಾಡ್ರಿ" ಅಂದರು. ನಿಜವಾಗಿ ಜಾಸ್ತಿಯೇ ಆಯಿತು. ಆದರೆ ಮಸುಕಾಗಿದ್ದ ಅಂಚು ಮತ್ತೆ ಬದುವಿನಂತೆ ಎದ್ದು ಕಂಡಿತು. ಆಗ ಆ ಅಂಚಿನಿಂದ ಹೊಟ್ಟನ್ನು ಬ್ಲೇಡಿನಲ್ಲಿ ಮೆಲ್ಲಗೆ ಕೆರೆದು ಗಾಜಿನ ಮೇಲೆ ಹಾಕಿ, ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದ ಹನಿ ಬಿಟ್ಟರು. ಅದು ಚರ್ಮದ ಕಣಗಳನ್ನು ಕರಗಿಸುತ್ತದೆ, ಶಿಲೀಂಧ್ರದ ಎಳೆ ಕರಗದೆ ಉಳಿಯುತ್ತದೆ. ಸೂಕ್ಷ್ಮದರ್ಶಕದಲ್ಲಿ ನನಗೂ ತೋರಿಸಿದರು. ಕಾಲೇಜಿನ ಪ್ರಯೋಗಾಲಯದಲ್ಲಿ ಕೊಳೆತ ಹಣ್ಣಿನಲ್ಲಿ ನೋಡಿದಂಥದೇ ಕವಲೊಡೆದ ಎಳೆ. ಅವ್ವನ ಕಾಲಿನ ಹೊಟ್ಟಿನಲ್ಲಿ ಎಳೆ ಇರಲಿಲ್ಲ.

ಈ ಪರೀಕ್ಷೆ ಬಹಳ ಹೊತ್ತು ಹಿಡಿಯುವುದಿಲ್ಲ. ಕೊಪ್ಪಳದ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಂಥ ಕಡೆ, ಚರ್ಮರೋಗ ವಿಭಾಗದಲ್ಲಿ "ಹೊಟ್ಟು ಕೆರೆದು ನೋಡ್ತೀರೇನ್ರಿ" ಅಂತ ಕೇಳಬಹುದು. ಒಂದು ಮಿತಿ ಗೊತ್ತಿರಲಿ. ಹಿಂದಿನ ದಿನದವರೆಗೂ ಮುಲಾಮು ಹಚ್ಚಿಕೊಂಡು ಹೋದರೆ ಶಿಲೀಂಧ್ರ ಇದ್ದೂ ಎಳೆ ಕಾಣದಿರಬಹುದು. ಏನೇನು ಹಚ್ಚಿದ್ದೀರಿ ಅನ್ನುವುದನ್ನು ಮುಚ್ಚಿಡಬೇಡಿ, ಖಾಲಿ ಟ್ಯೂಬುಗಳನ್ನೇ ಚೀಲದಲ್ಲಿ ಹಾಕಿಕೊಂಡು ಹೋಗಿ.

ನನಗೆ ಮಾತ್ರೆ ಮತ್ತು ಮುಲಾಮು ಎರಡೂ ಕೊಟ್ಟರು. ನನ್ನದು ವಾಸಿಯಾಗಲು ಎರಡು ತಿಂಗಳು ಹಿಡಿಯಿತು. ಮುಲಾಮನ್ನು ಉಂಗುರದ ಮೇಲಷ್ಟೇ ಹಚ್ಚದೆ, ಅಂಚಿನಿಂದ ಎರಡು ಬೆರಳು ಹೊರಗಿನ ಚರ್ಮಕ್ಕೂ ಹಚ್ಚಲು ಹೇಳಿದರು. ಯಾಕೆಂದರೆ ಕಣ್ಣಿಗೆ ಕಾಣುವ ಅಂಚಿನ ಆಚೆಗೂ ಎಳೆ ಹೋಗಿರುತ್ತದೆ. ಮಚ್ಚೆ ಪೂರ್ತಿ ಮಾಯವಾದ ಮೇಲೂ ಎರಡು ವಾರ ಮುಂದುವರಿಸಿದೆ. ಕಂದು ಕಲೆ ಮಾತ್ರ ಕೆಲವು ತಿಂಗಳು ಉಳಿಯಿತು. ಉಬ್ಬು, ಹೊಟ್ಟು, ಕಡಿತ ಇಲ್ಲದ ಬರೀ ಕಲೆಗೆ ಔಷಧ ಬೇಕಿಲ್ಲ. ಈ ಮಾತ್ರೆಗಳು ಎಲ್ಲರಿಗೂ ಆಗುವುದಿಲ್ಲ. ಬಸುರಿಯರು, ಲಿವರ್ ತೊಂದರೆ ಇರುವವರು, ಬೇರೆ ಮಾತ್ರೆ ನುಂಗುವವರು ಅದನ್ನು ಮೊದಲೇ ಹೇಳಬೇಕು.

ತಮ್ಮನಿಗೂ ಜೊತೆಗೇ ಚಿಕಿತ್ಸೆ ಆಯಿತು. ಟವೆಲ್, ಲುಂಗಿ, ಒಳಚಡ್ಡಿ ಬೇರೆ ಮಾಡಿದೆವು. ಬಿಸಿನೀರಿನಲ್ಲಿ ತೊಳೆದು ಬಿಸಿಲಿಗೆ ಒಳಗು ಹೊರಗು ತಿರುಗಿಸಿ ಒಣಗಿಸಿದೆವು. ಹಳೆ ಉಡದಾರ ಬಿಚ್ಚಿ ಒಗೆದೆ, ವಾಸಿಯಾಗುವ ತನಕ ಕಟ್ಟಲಿಲ್ಲ. ಗದ್ದೆಯಿಂದ ಬಂದ ಕೂಡಲೇ ಒದ್ದೆ ಬಟ್ಟೆ ಬದಲಿಸಿ, ಸಂದಿಗಳನ್ನು ಒರೆಸಿ ಒಣಗಿಸುವುದು ಈಗ ರೂಢಿ.

ಅವ್ವಗೆ ಡಾಕ್ಟರು ಸ್ಟಿರಾಯ್ಡ್ ಮುಲಾಮನ್ನೇ ಕೊಟ್ಟರು, ಆದರೆ ಎರಡೇ ವಾರಕ್ಕೆ ಲೆಕ್ಕ ಹಾಕಿ. ಬಹಳ ಬಿಸಿನೀರು, ಕಾಲಿಗೆ ಉಜ್ಜಿ ಉಜ್ಜಿ ಸೋಪು ಹಚ್ಚುವುದು ಬೇಡ ಅಂದರು. ಸ್ನಾನ ಮಾಡಿ ಮೈ ಇನ್ನೂ ಹಸಿ ಇರುವಾಗಲೇ ವ್ಯಾಸಲಿನ್ ಸವರಲು ಹೇಳಿದರು. ಈ ಚಳಿಗಾಲದಲ್ಲಿ ಅವಳಿಗೆ ಒಂದೆರಡು ಬಿಲ್ಲೆ ಮಾತ್ರ ಎದ್ದವು.

ಸಾವಯವದವನಾಗಿ ನನ್ನನ್ನು ಬೇವು, ಬೆಳ್ಳುಳ್ಳಿ ಬಗ್ಗೆ ಕೇಳುವವರು ಬಹಳ. ಹಸಿ ಬೆಳ್ಳುಳ್ಳಿ ಅರೆದು ಕಟ್ಟಿದರೆ ಚರ್ಮ ಸುಟ್ಟು ಬೊಬ್ಬೆ ಏಳುತ್ತದೆ, ಆಮೇಲೆ ಯಾವ ಅಂಚೂ ಕಾಣುವುದಿಲ್ಲ. ಮೈಲುತುತ್ತ, ಸೀಮೆಎಣ್ಣೆ, ಬ್ಯಾಟರಿ ನೀರು, ಹೊಲಕ್ಕೆ ಹೊಡೆಯುವ ಶಿಲೀಂಧ್ರನಾಶಕ ಇವನ್ನು ಮೈಗೆ ಮುಟ್ಟಿಸಲೇಬೇಡಿ.

ಎರಡೂ ಅಲ್ಲದಿದ್ದರೆ

ರಾತ್ರಿ ಮಾತ್ರ ವಿಪರೀತ ತುರಿಕೆ, ಬೆರಳ ಸಂದಿ, ಮಣಿಕಟ್ಟು, ಹೊಕ್ಕಳ ಸುತ್ತ, ಗುಪ್ತಾಂಗದ ಮೇಲೆ ಸಣ್ಣ ಗುಳ್ಳೆ, ಮನೆಮಂದಿಗೆಲ್ಲ ಇದ್ದರೆ ಅದು ತುರಿಕಜ್ಜಿ. ಮೊಣಕೈ, ಮೊಣಕಾಲ ಚಿಪ್ಪು, ತಲೆಯ ಮೇಲೆ ಬೆಳ್ಳಿಯಂಥ ದಪ್ಪ ಹೊಟ್ಟು ಇದ್ದರೆ ಸೋರಿಯಾಸಿಸ್ ಇರಬಹುದು. ಕತ್ತು, ಬೆನ್ನಿನ ಮೇಲೆ ತುರಿಕೆಯೇ ಇಲ್ಲದ ಬಿಳಿಚಿದ ಚುಕ್ಕೆಗಳು ಸಾಮಾನ್ಯವಾಗಿ ಚಿಬ್ಬು.

ಇವೆಲ್ಲಕ್ಕಿಂತ ಮುಖ್ಯವಾದ ಒಂದು ಮಚ್ಚೆ ಕಡಿಯುವುದೂ ಇಲ್ಲ, ನೋಯುವುದೂ ಇಲ್ಲ. ಬಿಳಿಚಿದ ಅಥವಾ ತಾಮ್ರದ ಬಣ್ಣದ ಮಚ್ಚೆಯ ಮೇಲೆ ಕಣ್ಣು ಮುಚ್ಚಿಕೊಂಡು ಹತ್ತಿಯ ಎಳೆ ಆಡಿಸಿ ನೋಡಿ. ತಾಗಿದ್ದು ಗೊತ್ತಾಗದಿದ್ದರೆ ಅದು ಕುಷ್ಠ ಇರಬಹುದು. ಕೆಲವೊಮ್ಮೆ ಅದಕ್ಕೂ ಹುಳುಕಡ್ಡಿಯಂತೆ ಉಬ್ಬಿದ ಅಂಚು ಇರುತ್ತದೆ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ಅಥವಾ ಆಶಾ ಕಾರ್ಯಕರ್ತೆಗೆ ತೋರಿಸಿ. ಮಾತ್ರೆ ಪೂರ್ತಿ ಉಚಿತ, ಬೇಗ ಶುರು ಮಾಡಿದರೆ ಅಂಗ ಊನವಾಗದೆ ವಾಸಿಯಾಗುತ್ತದೆ.

ಮಚ್ಚೆ ಬಿಸಿಯಾಗಿ ಊದಿ ಕೀವು, ಜ್ವರ ಬಂದರೆ, ತಲೆಯಲ್ಲಿ ಕೂದಲು ಉದುರಿ ಮಕ್ಕಳಿಗೆ ಮಚ್ಚೆ ಆದರೆ, ಸಕ್ಕರೆ ಕಾಯಿಲೆ ಇರುವವರಿಗೆ ಆದರೆ, ಮನೆಯಲ್ಲಿ ನೋಡುತ್ತಾ ಕೂರದೆ ಡಾಕ್ಟರಿಗೆ ತೋರಿಸಿ.

ನಮ್ಮ ಮನೆಯ ಗೂಡಿನಲ್ಲಿ ಈಗಲೂ ಎರಡು ಟ್ಯೂಬು ಇವೆ. ಒಂದರ ಮೇಲೆ ಅವ್ವನ ಹೆಸರು, ಇನ್ನೊಂದರ ಮೇಲೆ ನನ್ನ ಹೆಸರು ಪೆನ್ನಿನಲ್ಲಿ ಬರೆದಿದ್ದೇನೆ. ಮೊನ್ನೆ ಪಕ್ಕದ ಮನೆಯ ಹುಡುಗ ತೊಡೆ ಕೆರೆಯುತ್ತಾ ಬಂದು "ಕಾಕಾ, ಟ್ಯೂಬ್ ಐತೇನು?" ಅಂದ. ಅವ್ವ ನನಗಿಂತ ಮೊದಲೇ ಅಂದಳು: "ಟ್ಯೂಬ್ ಆಮ್ಯಾಲ ಕೊಡ್ತೀವಿ. ಮೊದ್ಲ ಬಿಸಲಿಗೆ ಬಾ, ಅಂಚ ತೋರ್ಸು."